ದುಡ್ಡು ಬಂತಾ ಅಂತ ಯಾರ ಫೋನಲ್ಲಿ ನೋಡಬೇಕು?

ಪರ್ತ್‌ನಲ್ಲಿ ನಮ್ಮದೊಂದು ಚಿಕ್ಕ ದಿನಸಿ ಅಂಗಡಿ. ಅಕ್ಕಿ, ಬೇಳೆ, ಚಟ್ನಿಪುಡಿ, ಹಬ್ಬ ಬಂದರೆ ಒಂದಿಷ್ಟು ಸಿಹಿ. ಗಂಡ ಹೆಂಡತಿ ಇಬ್ಬರದೇ ದುಡಿಮೆ. ನಮ್ಮಲ್ಲಿ ಒಬ್ಬರು ಕೌಂಟರಿನಲ್ಲಿ ನಿಂತರೆ ಇನ್ನೊಬ್ಬರು ವೇರ್‌ಹೌಸ್ ಶಿಫ್ಟಿಗೆ ಹೋಗುತ್ತೇವೆ. ಈ ಏರ್ಪಾಟಿನಲ್ಲೇ ಒಂದು ತೂತಿತ್ತು. ಅದು ಕಂಡದ್ದು 286 ಡಾಲರ್ 40 ಸೆಂಟ್ಸ್ ಕಳೆದುಕೊಂಡ ಮೇಲೆ.

ದೀಪಾವಳಿಗೆ ಮುಂಚಿನ ಒಂದು ಶುಕ್ರವಾರ ಸಾಯಂಕಾಲ ಫೋನ್ ಬಂತು. ಅಚ್ಚ ಕನ್ನಡ. "ಅಕ್ಕಾ, ಹಬ್ಬಕ್ಕೆ ನೆಂಟರು ಬರ್ತಿದಾರೆ, ಸ್ವಲ್ಪ ಸಾಮಾನು ಎತ್ತಿಡ್ತೀರಾ? ತಮ್ಮನ್ನ ಕಳಿಸ್ತೀನಿ." ಸೋನಾ ಮಸೂರಿ ಎರಡು ಮೂಟೆ, ತುಪ್ಪ ನಾಲ್ಕು ಡಬ್ಬ, ತೊಗರಿಬೇಳೆ ಎರಡು ಚೀಲ, ಸಿಹಿ ನಾಲ್ಕು ಬಾಕ್ಸು. ಮೊತ್ತ ಹೇಳಿದೆವು. ಐದು ನಿಮಿಷಕ್ಕೆ ವಾಟ್ಸಾಪಿನಲ್ಲಿ ಸ್ಕ್ರೀನ್‌ಶಾಟ್ ಬಂತು: ಹಸಿರು ಟಿಕ್, ನಮ್ಮ ಅಂಗಡಿ ಹೆಸರು, 286.40. ಅದರ ಹಿಂದೆಯೇ ತಮ್ಮನೂ ಬಂದ. ಅಂಗಡಿ ತುಂಬಾ ಜನ. ಮೂಟೆ ಎತ್ತಿ ಕಾರಿನ ಡಿಕ್ಕಿಗೆ ಹಾಕಿದ್ದೂ ನಾವೇ.

ದುಡ್ಡು ಬಂದಿದೆಯಾ ಅಂತ ಆಗಲೇ ನೋಡಬಹುದಿತ್ತಲ್ಲ ಅಂತ ನೀವು ಕೇಳಬಹುದು. ನೋಡುವ ದಾರಿಯೇ ಇರಲಿಲ್ಲ. ಬ್ಯಾಂಕ್ ಆಪ್ ಇದ್ದದ್ದು ಯಜಮಾನರ ಫೋನಿನಲ್ಲಿ, ಆ ಫೋನ್ ಇದ್ದದ್ದು ವೇರ್‌ಹೌಸಿನ ಲಾಕರಿನಲ್ಲಿ. ಕೌಂಟರಿನಲ್ಲಿ ಇದ್ದವರಿಗೆ ಸಿಕ್ಕ ಆಧಾರ ಅಂದರೆ ಗಿರಾಕಿ ಕಳಿಸಿದ ಚಿತ್ರ ಒಂದೇ. ಅದರ ಮೇಲೆ ಸಂಕೋಚ ಬೇರೆ. ನಮ್ಮ ಭಾಷೆಯಲ್ಲಿ ಅಕ್ಕಾ ಅಂತ ಕರೆದವನನ್ನು ಹೇಗೆ ಅನುಮಾನಿಸೋದು?

ರಾತ್ರಿ ಆಪ್ ತೆಗೆದರೆ ದುಡ್ಡಿಲ್ಲ. ವೀಕೆಂಡ್ ಅಲ್ವಾ, ಸೋಮವಾರ ಬರುತ್ತೆ ಅಂದುಕೊಂಡೆವು. ಮಂಗಳವಾರವೂ ಬರಲಿಲ್ಲ, ಅಷ್ಟೊತ್ತಿಗೆ ಆ ನಂಬರು ಸ್ವಿಚ್ಚಾಫ್. ಬ್ಯಾಂಕಿಗೆ ಫೋನ್ ಮಾಡಿದಾಗ ಒಂದು ವಿಷಯ ಗೊತ್ತಾಯಿತು. ತಪ್ಪಿ ಹೋದ ದುಡ್ಡನ್ನು ವಾಪಸ್ ತರಿಸೋಕೆ ಬ್ಯಾಂಕ್ ಪ್ರಯತ್ನ ಮಾಡಬಹುದು, ಆದರೆ ನಮ್ಮ ಕೇಸಿನಲ್ಲಿ ದುಡ್ಡು ಹೊರಟೇ ಇರಲಿಲ್ಲ. ಹುಡುಕೋಕೆ ಅವರ ಹತ್ತಿರ ಒಂದು ಎಂಟ್ರಿ ಕೂಡ ಇರಲಿಲ್ಲ. ಹೋಗಿದ್ದು ಸಾಮಾನು, ಹಾಗಾಗಿ ಅದು ಪೊಲೀಸರ ಕೆಲಸ. 131 444ಕ್ಕೆ ಫೋನ್ ಮಾಡಿ ದೂರು ಕೊಟ್ಟೆವು, ಸ್ಕ್ಯಾಮ್‌ವಾಚ್‌ನಲ್ಲೂ ಬರೆದೆವು. ಸಾಮಾನು ಸಿಗಲಿಲ್ಲ.

ಆಮೇಲೆ ಆ ಸ್ಕ್ರೀನ್‌ಶಾಟನ್ನು ದೊಡ್ಡದು ಮಾಡಿ ನೋಡಿದೆವು. ನಮ್ಮ ಪೇಐಡಿ ಇರುವುದು ಯಜಮಾನರ ಹೆಸರಿನಲ್ಲಿ. ಪೇಐಡಿಗೆ ದುಡ್ಡು ಹಾಕುವವರು ನಂಬರ್ ಟೈಪ್ ಮಾಡಿದ ಕೂಡಲೇ ನೋಂದಾಯಿಸಿದ ಹೆಸರು ತಾನಾಗಿ ಕಾಣಿಸುತ್ತದೆ. ಅವನ ಚಿತ್ರದಲ್ಲಿ ಇದ್ದದ್ದು ಬೋರ್ಡಿನ ಮೇಲಿರುವ ಅಂಗಡಿ ಹೆಸರು. ಅಂದರೆ ಅವನು ನಮ್ಮ ಪೇಐಡಿಗೆ ದುಡ್ಡು ಹಾಕೋಕೆ ಹೋಗಿಯೇ ಇಲ್ಲ, ಚಿತ್ರ ತಿದ್ದಿದ್ದಾನೆ ಅಷ್ಟೆ. ಆದರೆ ಇಂಥ ಗುರುತುಗಳನ್ನು ನಂಬಿಕೊಂಡು ಕೂರಬೇಡಿ. ಮುಂದಿನವನು ಹೆಸರು ಸರಿಯಾಗೇ ಹಾಕಿರುತ್ತಾನೆ.

ಊರಿನ ಅಂಗಡಿಗಳು ನೆನಪಾದವು. ಅಲ್ಲಿ ಕೌಂಟರಿನ ಮೇಲೆ ಸೌಂಡ್‌ಬಾಕ್ಸ್ ಇಟ್ಟಿರುತ್ತಾರೆ, ಇಷ್ಟು ರೂಪಾಯಿ ಬಂತು ಅಂತ ಅದು ಕೂಗಿದ ಮೇಲೇ ಪೊಟ್ಟಣ ಗಿರಾಕಿ ಕೈಗೆ. ಆ ಡಬ್ಬಿ ಅಂಗಡಿಯವನದು, ಅದು ಹೇಳೋದು ಅಂಗಡಿಯವನ ಖಾತೆಯ ಸುದ್ದಿ. ಇಲ್ಲಿ ನಮ್ಮ ಕಾರ್ಡ್ ಮಷೀನೂ ಹಾಗೇ, ಅಪ್ರೂವ್ಡ್ ಅಂತ ಬಂದರೆ ಅದು ನಮ್ಮ ಮಷೀನಿನ ಮಾತು. ಸ್ಕ್ರೀನ್‌ಶಾಟ್ ಮಾತ್ರ ಎದುರಿನವರ ಫೋನಿನ ಮಾತು. ಕಾರ್ಡಿಗೆ ನಮಗೆ ಬೀಳೋದು 1.6 ಪರ್ಸೆಂಟ್. ಆವತ್ತಿನ ಮೊತ್ತಕ್ಕೆ ಲೆಕ್ಕ ಹಾಕಿದರೆ ನಾಲ್ಕೂವರೆ ಡಾಲರ್ ಚಿಲ್ಲರೆ. ಅದನ್ನು ಉಳಿಸೋಕೆ ಪೇಐಡಿ ಮಾಡಿ ಅಂದಿದ್ದು ನಾವೇ!

ಈಗ ಪೇಐಡಿ ಬಿಟ್ಟಿಲ್ಲ, ನೋಡುವ ರೀತಿ ಬದಲಾಗಿದೆ. ಬ್ಯಾಂಕಿನಲ್ಲಿ ಕೇಳಿ, ಖಾತೆಯನ್ನು ನೋಡಲು ಮಾತ್ರ ಆಗುವ ಇನ್ನೊಂದು ಲಾಗಿನ್ ಮಾಡಿಸಿದೆವು. ಅದರಿಂದ ದುಡ್ಡು ಕಳಿಸೋಕೆ ಆಗಲ್ಲ. ಆ ಲಾಗಿನ್ ಇರುವ ಹಳೇ ಫೋನ್ ಯಾವಾಗಲೂ ಕೌಂಟರಿನಲ್ಲೇ ಇರುತ್ತದೆ. ನೋಟಿಫಿಕೇಶನ್ ಟಿಣ್ ಅಂದರೆ ಸಾಲದು, ಎಸ್ಸೆಮ್ಮೆಸ್ ಬಂದರೂ ಸಾಲದು. ಬ್ಯಾಂಕ್ ಕಳಿಸಿದಂತೆ ಕಾಣುವ ಮೆಸೇಜನ್ನು ಬೇರೆಯವರೂ ಕಳಿಸಬಹುದು. ಆಪ್ ತೆಗೆದು, ಪಟ್ಟಿಯಲ್ಲಿ ಆ ಮೊತ್ತ ಕಾಣಬೇಕು. ಶನಿವಾರ ಒಂದೇ ಮೊತ್ತದ ಬಿಲ್ಲು ಎರಡು ಮೂರು ಇರೋದುಂಟು. ಅದಕ್ಕೇ ಬಿಲ್ ನಂಬರನ್ನು ಡಿಸ್ಕ್ರಿಪ್ಶನ್‌ನಲ್ಲಿ ಬರೆಯೋಕೆ ಹೇಳುತ್ತೇವೆ, ಇಲ್ಲದಿದ್ದರೆ ಒಬ್ಬರ ದುಡ್ಡಿಗೆ ಇನ್ನೊಬ್ಬರ ಸಾಮಾನು ಹೋಗುತ್ತದೆ.

ಹೊಸದರಲ್ಲಿ ಅತಿಯಾಗಿ ಅನುಮಾನ ಪಟ್ಟದ್ದೂ ಇದೆ. ಬ್ರಿಸ್ಬೇನ್‌ನ ಒಬ್ಬರಿಗೆ ಚಟ್ನಿಪುಡಿ ಪೋಸ್ಟಿನಲ್ಲಿ ಕಳಿಸಬೇಕಿತ್ತು. ಅವರ ಸ್ಕ್ರೀನ್‌ಶಾಟಿನಲ್ಲಿ ರಾತ್ರಿ 8.10, ನಮ್ಮ ಗಡಿಯಾರದಲ್ಲಿ 6.10. ಇದೂ ಖೋಟಾ ಅಂತ ಗಾಬರಿಯಾದೆವು. ಬ್ರಿಸ್ಬೇನ್ ನಮಗಿಂತ ಎರಡು ಗಂಟೆ ಮುಂದೆ ಅನ್ನೋದೇ ಮರೆತುಹೋಗಿತ್ತು. ಆಪ್ ತೆಗೆದರೆ ದುಡ್ಡು ಆಗಲೇ ಬಂದಿತ್ತು.

ಇನ್ನೂ ಒಂದು ಇದೆ. ಸ್ಕ್ರೀನ್‌ಶಾಟ್ ನಿಜವಾಗಿದ್ದು, ಗಿರಾಕಿಯೂ ಪ್ರಾಮಾಣಿಕನಾಗಿದ್ದು, ದುಡ್ಡು ಮಾತ್ರ ಬಂದಿಲ್ಲ ಅಂತ ಆಗಬಹುದು. 2018ರಿಂದ ಈ ದೇಶದಲ್ಲಿ ವಾರದ ಏಳೂ ದಿನ, ಸಾಮಾನ್ಯವಾಗಿ ನಿಮಿಷದೊಳಗೆ ದುಡ್ಡು ತಲುಪಿಸುವ ವ್ಯವಸ್ಥೆ ಇದೆ. ಪೇಐಡಿ ಓಡುವುದು ಅದರ ಮೇಲೇ. ಆದರೆ ಬಿಎಸ್‌ಬಿ, ಅಕೌಂಟ್ ನಂಬರ್ ಹಾಕಿ ಕಳಿಸಿದ್ದು ಕೆಲವೊಮ್ಮೆ ಹಳೇ ದಾರಿಯಲ್ಲಿ ಹೋಗುತ್ತದೆ. ಅದು ಶುಕ್ರವಾರ ರಾತ್ರಿ ಹೊರಟರೆ ಸೋಮವಾರವೋ ಮಂಗಳವಾರವೋ ತಲುಪೋದು. ನಾವು ಮಂಗಳವಾರದ ತನಕ ಕಾದು ಮೋಸ ಹೋದದ್ದೂ ಈ ಅರೆಬರೆ ತಿಳಿವಳಿಕೆಯಿಂದಲೇ. ಅದಲ್ಲದೆ, ಹೊಸಬರಿಗೆ ಮೊದಲ ಸಲ ದುಡ್ಡು ಹಾಕಿದಾಗ ಮೋಸ ತಡೆಯೋಕೆ ಅಂತ ಬ್ಯಾಂಕುಗಳೇ ಅದನ್ನು 24 ಗಂಟೆ ತನಕ ತಡೆದಿಡುವುದುಂಟು.

ಅಡಿಲೇಡ್‌ನಲ್ಲಿ ಅಂಗಡಿ ಇಟ್ಟಿರುವ ನಮ್ಮ ಗೆಳೆಯರಿಗೆ ಇದೇ ಆಯಿತು. ನಮ್ಮ ಕಥೆ ಕೇಳಿ ಅವರು ಆಗಲೇ ಹುಷಾರಾಗಿದ್ದರು. ಓದೋಕೆ ಅಂತ ಹೊಸದಾಗಿ ಬಂದ ಹುಡುಗ, ಮೊದಲ ಸಲದ ಗಿರಾಕಿ, 61 ಡಾಲರ್ ಬಿಲ್ಲು. ಸ್ಕ್ರೀನ್‌ಶಾಟ್ ತೋರಿಸಿದ, ಇವರ ಆಪ್‌ನಲ್ಲಿ ಏನೂ ಇಲ್ಲ. ಹುಡುಗನ ಮುಖ ಸಣ್ಣಗಾಯಿತು. "ಅಣ್ಣಾ, ನಿಜವಾಗ್ಲೂ ಹಾಕಿದೀನಿ." ಇವರು ಸುಳ್ಳು ಅನ್ನಲಿಲ್ಲ. "ಹಾಕಿರ್ತೀಯಪ್ಪ, ನಿನ್ನ ಆಪ್‌ನಲ್ಲಿ ಆ ಪೇಮೆಂಟ್ ಮೇಲೆ ಒತ್ತು, ಏನು ಬರೆದಿದೆ ಓದು" ಅಂದರು. ಪೆಂಡಿಂಗ್ ಅಂತಿತ್ತು. ಸಾಮಾನಿನ ಮೇಲೆ ಅವನ ಹೆಸರು, ಬಿಲ್ ನಂಬರ್ ಬರೆದು ಪಕ್ಕಕ್ಕಿಟ್ಟರು. ಎರಡನೇ ಸಲ ದುಡ್ಡು ಹಾಕಬೇಡ ಅಂತಲೂ ಹೇಳಿದರು. ರಾತ್ರಿ ಊಟಕ್ಕೆ ಅಂತ ಒಂದು ಕಿಲೋ ಅಕ್ಕಿ, ಒಂದು ಪ್ಯಾಕೆಟ್ ಸಾರಿನ ಪುಡಿ ಮಾತ್ರ ಕೈಗೆ ಕೊಟ್ಟರು, ಹೋದರೆ ಅಷ್ಟೇ ಹೋಗಲಿ ಅಂತ.

ಮಾರನೇ ದಿನ ಮಧ್ಯಾಹ್ನ ದುಡ್ಡು ಬಂತು. ಹುಡುಗ ಸಂಜೆ ಬಂದು ಉಳಿದ ಸಾಮಾನು ತಗೊಂಡು ಹೋದ.