ಹತ್ತು ಲಕ್ಷ ಕಟ್ಟಿದ ಮೇಲೆ: ಕಂತು ಇಳಿಸೋಣವೇ, ವರ್ಷ ಇಳಿಸೋಣವೇ?

ಅಮೆರಿಕದಲ್ಲಿ ಬೆಳೆದ ನಿಮ್ಮಲ್ಲಿ ಅನೇಕರ ಮನೆಯಲ್ಲಿ ಬೆಂಗಳೂರಿನದೋ ಮೈಸೂರಿನದೋ ಒಂದು ಫ್ಲ್ಯಾಟಿನ ಮಾತು ಆಗಾಗ ಬರುತ್ತಿರುತ್ತದೆ. ಅಪ್ಪ ಅಮ್ಮ ಸಾಲ ಮಾಡಿ ಕೊಂಡದ್ದು, ಮುಂದೆ ಊರಿಗೆ ಹಿಂತಿರುಗಿದರೆ ಇರಲಿ ಅಂತ. ಪ್ರತಿ ತಿಂಗಳೂ ಅದರ ಕಂತು, ಅಂದರೆ ಇಎಂಐ, ಖಾತೆಯಿಂದ ಕಡಿತವಾಗುತ್ತಿರುತ್ತದೆ. ಒಂದು ವರ್ಷ ಬೋನಸ್ ಬಂತು ಅಂತಿಟ್ಟುಕೊಳ್ಳಿ. ಅದನ್ನು ಸಾಲಕ್ಕೆ ಹಾಕಿಬಿಡೋಣ ಅಂತ ತೀರ್ಮಾನವಾಗುತ್ತದೆ. ಆಗ ಬ್ಯಾಂಕಿನವರು ಒಂದು ಪ್ರಶ್ನೆ ಕೇಳುತ್ತಾರೆ: ಕಂತನ್ನು ಕಡಿಮೆ ಮಾಡಬೇಕೋ, ಅವಧಿಯನ್ನು ಕಡಿಮೆ ಮಾಡಬೇಕೋ? ಅಪ್ಪ ನಿಮ್ಮ ಕಡೆ ತಿರುಗಿ "ನಿನಗೆ ಲೆಕ್ಕ ಚೆನ್ನಾಗಿ ಬರುತ್ತಲ್ಲ, ನೀನೇ ಹೇಳು" ಅನ್ನುತ್ತಾರೆ. ಇವತ್ತು ಆ ಲೆಕ್ಕವನ್ನೇ ಮಾಡೋಣ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಸಾಲ 50 ಲಕ್ಷ ರೂಪಾಯಿ, ಬಡ್ಡಿ ವರ್ಷಕ್ಕೆ ಶೇಕಡಾ 8.5, ಅವಧಿ 20 ವರ್ಷ. ಕಂತು ತಿಂಗಳಿಗೆ 43,391 ರೂಪಾಯಿ ಬರುತ್ತದೆ. ಐದು ವರ್ಷ ಒಂದು ತಿಂಗಳೂ ತಪ್ಪದೆ ಕಟ್ಟಿದ್ದಾರೆ. ಇನ್ನು ಎಷ್ಟು ಬಾಕಿ ಇರಬಹುದು, ಊಹಿಸಿ. 44 ಲಕ್ಷದ 6 ಸಾವಿರ! ಐದು ವರ್ಷದಲ್ಲಿ 26 ಲಕ್ಷ ಕಟ್ಟಿದರೂ ಅಸಲು ಕರಗಿದ್ದು ಆರು ಲಕ್ಷಕ್ಕಿಂತ ಕಡಿಮೆ. ಮೊದಲ ವರ್ಷಗಳಲ್ಲಿ ಕಂತಿನ ಬಹುಪಾಲು ಬಡ್ಡಿಗೇ ಹೋಗುವುದರಿಂದ ಹೀಗಾಗುತ್ತದೆ. ಅಪ್ಪ ಈಗ 10 ಲಕ್ಷ ಕಟ್ಟುತ್ತಾರೆ. ಬಾಕಿ 34 ಲಕ್ಷದ 6 ಸಾವಿರಕ್ಕೆ ಇಳಿಯುತ್ತದೆ. ಉಳಿದಿರುವ ಅವಧಿ 15 ವರ್ಷ.

ಮೊದಲನೆಯ ದಾರಿ, ಅವಧಿ ಹಾಗೇ ಇರಲಿ, ಕಂತು ಇಳಿಯಲಿ ಅನ್ನುವುದು. ಆಗ ಕಂತು 33,544 ರೂಪಾಯಿ ಆಗುತ್ತದೆ. ತಿಂಗಳಿಗೆ 9,847 ರೂಪಾಯಿ ಕೈಯಲ್ಲಿ ಉಳಿಯಿತು. ಎರಡನೆಯ ದಾರಿ, ಕಂತು 43,391 ಆಗಿಯೇ ಇರಲಿ, ವರ್ಷ ಇಳಿಯಲಿ ಅನ್ನುವುದು. ಆಗ ಉಳಿದ 180 ಕಂತುಗಳ ಬದಲು 115 ಕಂತುಗಳಲ್ಲಿ, ಕೊನೆಗೆ ಒಂದು ಪುಟ್ಟ ಚಿಲ್ಲರೆ ಕಂತು ಸೇರಿಸಿ, ಸಾಲ ಮುಗಿಯುತ್ತದೆ. ಐದು ವರ್ಷಕ್ಕಿಂತ ಹೆಚ್ಚು ಕಾಲ ಮಾಯ.

ಈ ಎರಡನ್ನೂ ನೀವೇ ಸ್ಪ್ರೆಡ್‌ಶೀಟಿನಲ್ಲಿ ಹಾಕಿ ನೋಡಬಹುದು. ಮೊದಲ ಸಾಲು ಹೊಸ ಕಂತನ್ನು ಹೇಳುತ್ತದೆ, ಎರಡನೆಯದು ಎಷ್ಟು ತಿಂಗಳು ಉಳಿಯುತ್ತದೆ ಅನ್ನುವುದನ್ನು.

```
=PMT(8.5%/12, 180, -3406361)
=NPER(8.5%/12, -43391, 3406361)
```

ಈಗ ಬಡ್ಡಿ ನೋಡೋಣ. ಏನನ್ನೂ ಹೆಚ್ಚಿಗೆ ಕಟ್ಟದೇ ಇದ್ದಿದ್ದರೆ ಮುಂದಿನ 15 ವರ್ಷಗಳಲ್ಲಿ ಸುಮಾರು 34 ಲಕ್ಷ ಬಡ್ಡಿ ಹೋಗುತ್ತಿತ್ತು. ಕಂತು ಇಳಿಸಿದರೆ ಸುಮಾರು 26.3 ಲಕ್ಷ ಹೋಗುತ್ತದೆ. ಅವಧಿ ಇಳಿಸಿದರೆ ಬರೀ 15.9 ಲಕ್ಷ. ಎರಡು ದಾರಿಗಳ ನಡುವಿನ ಅಂತರ ಹತ್ತು ಲಕ್ಷಕ್ಕಿಂತ ಹೆಚ್ಚು. ಇಷ್ಟು ನೋಡಿದವರು ಕೂಡಲೇ "ಅವಧಿಯನ್ನೇ ಇಳಿಸಿ, ಅದರಲ್ಲಿ ಯೋಚನೆ ಮಾಡುವುದೇನು?" ಅಂದುಬಿಡುತ್ತಾರೆ. ಅಂತರ್ಜಾಲದಲ್ಲಿ ಸಿಗುವ ಸಲಹೆಗಳೂ ಹೆಚ್ಚಾಗಿ ಇಲ್ಲಿಗೇ ನಿಂತುಬಿಡುತ್ತವೆ. ನಾವು ಒಂದು ಹೆಜ್ಜೆ ಮುಂದೆ ಹೋಗೋಣ, ಏಕೆಂದರೆ ಈ ಹತ್ತು ಲಕ್ಷ ಎಲ್ಲಿಂದ ಬಂತು ಅನ್ನುವುದೇ ವಿಷಯದ ತಿರುಳು.

ಹಣ ಕಟ್ಟಿದ ಮರುತಿಂಗಳಿನ ಒಂದೇ ಒಂದು ಕಂತನ್ನು ಬಿಡಿಸಿ ನೋಡಿ. ಬಾಕಿ ಎರಡೂ ದಾರಿಯಲ್ಲಿ ಒಂದೇ, ಬಡ್ಡಿದರವೂ ಒಂದೇ. ಹಾಗಾಗಿ ಆ ತಿಂಗಳ ಬಡ್ಡಿಯೂ ಒಂದೇ: 24,128 ರೂಪಾಯಿ. ಅವಧಿ ಇಳಿಸಿದವರಿಗೆ ಬ್ಯಾಂಕ್ ಬಡ್ಡಿಯಲ್ಲಿ ಒಂದು ಪೈಸೆಯ ರಿಯಾಯಿತಿಯನ್ನೂ ಕೊಡುವುದಿಲ್ಲ. ವ್ಯತ್ಯಾಸ ಇರುವುದು ಅಸಲಿನಲ್ಲಿ. 43,391 ಕಟ್ಟುವವರಿಗೆ 19,263 ರೂಪಾಯಿ ಅಸಲು ಕರಗುತ್ತದೆ. 33,544 ಕಟ್ಟುವವರಿಗೆ ಕರಗುವುದು 9,415 ಮಾತ್ರ. ಇಲ್ಲೊಂದು ತಮಾಷೆ ಇದೆ. ಹತ್ತು ಲಕ್ಷ ಕಟ್ಟುವ ಮುಂಚೆ ಇದೇ ಸಾಲದಲ್ಲಿ ತಿಂಗಳಿಗೆ 12,179 ರೂಪಾಯಿ ಅಸಲು ಕರಗುತ್ತಿತ್ತು. ಅಂದರೆ ಕಂತು ಇಳಿಸಿಕೊಂಡ ಮೇಲೆ ಸಾಲ ಕರಗುವ ವೇಗ ಮೊದಲಿಗಿಂತಲೂ ನಿಧಾನವಾಯಿತು!

ಹಾಗಾದರೆ ಆ ಹತ್ತು ಲಕ್ಷದ ಉಳಿತಾಯ ಆಗಿದ್ದು ಎರಡನೆಯ ದಾರಿಯವರು ಪ್ರತಿ ತಿಂಗಳೂ 9,847 ರೂಪಾಯಿ ಹೆಚ್ಚಿಗೆ ಕಟ್ಟುತ್ತಾ ಹೋದದ್ದರಿಂದ. ಬೇರೆ ಯಾವ ಗುಟ್ಟೂ ಇಲ್ಲ. ಮೊದಲ ದಾರಿ ಹಿಡಿದವರು ಉಳಿದ 9,847 ರೂಪಾಯಿಯನ್ನು ಪ್ರತಿ ತಿಂಗಳೂ ತಾವಾಗಿಯೇ ಸಾಲದ ಖಾತೆಗೆ ಹಾಕಿದರೆ, ಅವರ ಸಾಲವೂ ಅದೇ 115 ತಿಂಗಳ ಸುಮಾರಿಗೆ, ಅಷ್ಟೇ ಬಡ್ಡಿಯಲ್ಲಿ ಮುಗಿಯುತ್ತದೆ. ಆದ್ದರಿಂದ ಮನೆಯಲ್ಲಿ ಕೇಳಬೇಕಾದ ಪ್ರಶ್ನೆ ಇದು: ಆ 9,847 ರೂಪಾಯಿ ಪ್ರತಿ ತಿಂಗಳೂ ಎಲ್ಲಿಗೆ ಹೋಗಲಿದೆ? ಅದನ್ನು ಕಟ್ಟುವುದು ಕಡ್ಡಾಯವಾಗಿರಬೇಕೋ, ನಮ್ಮ ಇಷ್ಟಕ್ಕೆ ಬಿಟ್ಟಿರಬೇಕೋ?

ಅದು ಮಾಲ್‌ನಲ್ಲಿ, ರಜೆಯ ಪ್ರವಾಸದಲ್ಲಿ ಕರಗಿಹೋಗುವ ಸಂಭವವಿದ್ದರೆ ಕಡ್ಡಾಯವೇ ಒಳ್ಳೆಯದು. ಬ್ಯಾಂಕಿನಲ್ಲಿ ಠೇವಣಿ ಇಡುತ್ತೇವೆ ಅನ್ನುವುದೂ ಅಷ್ಟೇನೂ ಲಾಭದ ಮಾತಲ್ಲ. ಬ್ಯಾಂಕ್ ಠೇವಣಿಗೆ ಕೊಡುವ ಬಡ್ಡಿ ಸಾಮಾನ್ಯವಾಗಿ ಸಾಲಕ್ಕೆ ಕೇಳುವ ಬಡ್ಡಿಗಿಂತ ಕಡಿಮೆ, ಇಲ್ಲದಿದ್ದರೆ ಬ್ಯಾಂಕ್ ನಡೆಯುವುದು ಹೇಗೆ? ಆದರೆ ಇಲ್ಲಿ ಕ್ರೆಡಿಟ್ ಕಾರ್ಡಿನ ಬಾಕಿ ಇದ್ದರೆ ಮಾತು ಬೇರೆ. ಅದರ ಬಡ್ಡಿ ಮನೆಸಾಲದ ಎರಡರಷ್ಟಕ್ಕಿಂತ ಹೆಚ್ಚಿರುವುದು ಸಾಮಾನ್ಯ. ಅಂಥಲ್ಲಿ ಕಂತು ಇಳಿಸಿ, ಉಳಿದದ್ದನ್ನು ಕಾರ್ಡಿಗೆ ಕಟ್ಟುವುದೇ ಜಾಣತನ. ನನ್ನನ್ನು ಕೇಳಿದರೆ, ಹತ್ತು ಲಕ್ಷ ಊರಿಗೆ ಕಳಿಸುವ ಮುಂಚೆಯೇ ಕಾರ್ಡನ್ನು ತೀರಿಸಬೇಕಿತ್ತು.

ಈಗ ಅಪ್ಪನ ವಯಸ್ಸು ನೋಡಿ. 52 ಅನ್ನಿ. ಎಂಟು ವರ್ಷದ ನಂತರ, 60ಕ್ಕೆ, ಕೆಲಸ ಬಿಟ್ಟು ಬೆಂಗಳೂರಿಗೆ ಹೋಗುವ ಆಸೆ ಇದೆ. ಅವಧಿ ಇಳಿಸಿದ್ದರೆ ಆ ದಿನ ಉಳಿದಿರುವ ಬಾಕಿ 7.7 ಲಕ್ಷ, ಇನ್ನು ಒಂದೂವರೆ ವರ್ಷದ ಚಿಲ್ಲರೆ ಕಂತುಗಳು. ಕೈಯಲ್ಲಿರುವ ಹಣದಿಂದ ಒಂದೇ ಸಲ ತೀರಿಸಿಬಿಡಬಹುದು. ಬರೀ ಕಂತು ಇಳಿಸಿ ಸುಮ್ಮನಿದ್ದರೆ ಆ ದಿನದ ಬಾಕಿ 21 ಲಕ್ಷದ 18 ಸಾವಿರ, ಇನ್ನೂ ಏಳು ವರ್ಷದ ಕಂತು. ಡಾಲರ್ ಸಂಬಳ ನಿಂತ ಮೇಲೂ ತಿಂಗಳಿಗೆ 33,544 ರೂಪಾಯಿ ಹೊಂದಿಸಬೇಕು. ಊರಿಗೆ ಹೋಗುವ ದಿನಾಂಕ ಗಟ್ಟಿಯಾಗಿರುವ ಮನೆಗಳಿಗೆ ಈ ಒಂದು ಸಂಖ್ಯೆಯೇ ಉತ್ತರ ಹೇಳಿಬಿಡುತ್ತದೆ.

ಇನ್ನೊಂದು ಕಡೆಯೂ ಇದೆ. ಅಪ್ಪ ಅಮ್ಮನ ಪೈಕಿ ಒಬ್ಬರ ಕೆಲಸ ಹೋಯಿತು ಅಂತ ಎಣಿಸಿ. ಇಲ್ಲಿನ ಮನೆಯ ಬಾಡಿಗೆ, ನಿಮ್ಮ ಕಾಲೇಜಿನ ಶುಲ್ಕ, ಜೊತೆಗೆ ಬೆಂಗಳೂರಿನ ಕಂತು. ಆಗ 43,391 ಕಡ್ಡಾಯವಾಗಿರುವುದಕ್ಕೂ 33,544 ಕಡ್ಡಾಯವಾಗಿರುವುದಕ್ಕೂ ವ್ಯತ್ಯಾಸವಿದೆ. ಮತ್ತು ಈ ಎರಡು ದಾರಿಗಳು ಸಮನಾದ ಬಾಗಿಲುಗಳಲ್ಲ. ಕಂತು ಇಳಿಸಿಕೊಂಡವರು ಯಾವತ್ತು ಬೇಕಾದರೂ ಹೆಚ್ಚಿಗೆ ಕಟ್ಟಿ ಸಾಲವನ್ನು ಬೇಗ ಮುಗಿಸಬಹುದು. ಅವಧಿ ಇಳಿಸಿಕೊಂಡವರು ಮುಂದೆ "ಕಷ್ಟ ಬಂದಿದೆ, ಮತ್ತೆ ಅವಧಿ ಹೆಚ್ಚಿಸಿ ಕಂತು ಕಡಿಮೆ ಮಾಡಿ" ಅಂದರೆ ಬ್ಯಾಂಕ್ ಒಪ್ಪಲೇಬೇಕೆಂದಿಲ್ಲ. ಆದಾಯದ ದಾಖಲೆ ಕೇಳುತ್ತದೆ, ಮತ್ತು ಅದನ್ನು ಕೇಳುವುದು ನಿಮ್ಮ ಆದಾಯ ಬಿದ್ದಿರುವ ಹೊತ್ತಿನಲ್ಲೇ.

ಹಾಗಾಗಿ ಕೆಲಸದ ಭದ್ರತೆ ಅಷ್ಟಾಗಿ ಇಲ್ಲದ, ಆದರೆ ಶಿಸ್ತು ಇರುವ ಮನೆಗೆ ನಾನು ಸೂಚಿಸುವುದು ಮಧ್ಯದ ದಾರಿ. ಕಾಗದದಲ್ಲಿ ಕಂತು ಇಳಿಸಿಕೊಳ್ಳಿ, ಆದರೆ ಕಟ್ಟುವುದನ್ನು ಇಳಿಸಬೇಡಿ. ಪ್ರತಿ ತಿಂಗಳೂ ಸಣ್ಣ ಮೊತ್ತ ಕಟ್ಟಲು ನಿಮ್ಮ ಬ್ಯಾಂಕ್ ಬಿಡದಿದ್ದರೆ, ಆ 9,847 ರೂಪಾಯಿಯನ್ನು ಬೇರೆ ಖಾತೆಯಲ್ಲಿ ಸೇರಿಸುತ್ತಾ ಹೋಗಿ ವರ್ಷಕ್ಕೊಮ್ಮೆ ಕಟ್ಟಿ. ತಡವಾಗಿದ್ದಕ್ಕೆ ಆಗುವ ನಷ್ಟ ವರ್ಷಕ್ಕೆ ಸುಮಾರು 4,600 ರೂಪಾಯಿ, ಅಷ್ಟೇ. ಕೈಯಲ್ಲಿ ಒಂದು ಆಪತ್ಕಾಲದ ಗಂಟು ಇದ್ದಂತಾಯಿತು. ಒಂದು ಎಚ್ಚರಿಕೆ ಮಾತ್ರ ಬೇಕು: ಹೀಗೆ ಕಟ್ಟಿದಾಗಲೆಲ್ಲ ಕಂತು ಇನ್ನಷ್ಟು ಇಳಿಯಬಹುದು. ಆಗಲೂ ಕಂತು ಮತ್ತು ಹೆಚ್ಚುವರಿ ಸೇರಿ ತಿಂಗಳಿಗೆ 43,391 ಹೋಗುತ್ತಿರಬೇಕು. ಆ ಸಂಖ್ಯೆಯನ್ನು ಬಿಟ್ಟರೆ ಲೆಕ್ಕ ಸಡಿಲವಾಗುತ್ತದೆ.

ಇನ್ನು ಕಟ್ಟುವ ಕೆಲಸ. ಬದಲಾಗುವ ಬಡ್ಡಿದರದ ಮನೆಸಾಲಕ್ಕೆ ಬ್ಯಾಂಕುಗಳು ಮುಂಗಡ ಪಾವತಿಯ ದಂಡ ಹಾಕುವುದನ್ನು ರಿಸರ್ವ್ ಬ್ಯಾಂಕ್ 2012ರಲ್ಲೇ ನಿಲ್ಲಿಸಿದೆ. ಬಡ್ಡಿದರ ಸ್ಥಿರವಾಗಿರುವ ಸಾಲವಾದರೆ ಕರಾರು ಪತ್ರ ಓದಿಯೇ ಮುಂದುವರಿಯಿರಿ. ನೀವು ಏನನ್ನೂ ಹೇಳದೆ ಹಣ ಹಾಕಿದರೆ ಸಾಮಾನ್ಯವಾಗಿ ಕಂತು ಹಾಗೇ ಉಳಿದು ಅವಧಿ ಕಡಿಮೆಯಾಗುತ್ತದೆ. ಕಂತು ಇಳಿಯಬೇಕಾದರೆ ಬರವಣಿಗೆಯಲ್ಲಿ ಕೇಳಬೇಕು. ಎರಡರಲ್ಲಿ ಯಾವುದಾದರೂ ಇ-ಮೇಲ್‌ನಲ್ಲಿ ಸ್ಪಷ್ಟವಾಗಿ ಬರೆದು ಕಳಿಸುವುದು ಕ್ಷೇಮ.

ಅಂದಹಾಗೆ, ನಿಮ್ಮದೇ ಮನೆಸಾಲ ಇಲ್ಲಿ ಅಮೆರಿಕದಲ್ಲಿದ್ದರೆ ಇದೇ ಪ್ರಶ್ನೆ ಬೇರೆ ವೇಷದಲ್ಲಿ ಬರುತ್ತದೆ. ಸ್ಥಿರ ದರದ ಸಾಲದಲ್ಲಿ ಅಸಲಿಗೆ ಹೆಚ್ಚಿಗೆ ಕಟ್ಟಿದರೆ ತಿಂಗಳ ಕಂತು ತಾನಾಗಿ ಇಳಿಯುವುದಿಲ್ಲ, ಸಾಲ ಬೇಗ ಮುಗಿಯುತ್ತದೆ. ಕಂತು ಇಳಿಯಬೇಕಾದರೆ 'ರೀಕಾಸ್ಟ್' ಮಾಡಿ ಅಂತ ಕೇಳಬೇಕು, ಅದಕ್ಕೊಂದು ಶುಲ್ಕ ಇರುತ್ತದೆ. ಎಫ್‌ಎಚ್‌ಎ ಮತ್ತು ವಿಎ ಸಾಲಗಳಿಗೆ ಆ ಸೌಲಭ್ಯವಿಲ್ಲ.

ಮತ್ತೆ ಬೆಂಗಳೂರಿಗೆ ಬರೋಣ. ಹಣ ಕಟ್ಟಿದ ಮೇಲೆ ಹೊಸ ಮರುಪಾವತಿ ಪಟ್ಟಿಯನ್ನು ಕೇಳಿ ಪಡೆಯಿರಿ. ಅದರಲ್ಲಿ ಮೊದಲು ನೋಡಬೇಕಾದ್ದು ಬಾಕಿ ಅಸಲು ಪೂರ್ತಿ ಹತ್ತು ಲಕ್ಷ ಇಳಿದಿದೆಯೇ ಅನ್ನುವುದು. ಕೆಲವೊಮ್ಮೆ ಹಣವನ್ನು 'ಮುಂಗಡ ಕಂತು' ಅಂತ ಬರೆದುಕೊಂಡುಬಿಡುತ್ತಾರೆ. ಹಾಗಾದರೆ ಅದು ಮುಂದಿನ ತಿಂಗಳುಗಳ ಕಂತಿಗೆ ಕಾದು ಕೂರುತ್ತದೆ, ಅಸಲಿನ ಮೇಲಿನ ಬಡ್ಡಿ ಓಡುತ್ತಲೇ ಇರುತ್ತದೆ. ನಮ್ಮ ಉದಾಹರಣೆಯಲ್ಲಿ ಇದನ್ನು ಪತ್ತೆ ಹಚ್ಚುವುದು ಸುಲಭ: ಮರುತಿಂಗಳ ಬಡ್ಡಿ 24 ಸಾವಿರದ ಆಸುಪಾಸಿಗೆ ಇಳಿದಿದ್ದರೆ ಸರಿ, 31 ಸಾವಿರದಲ್ಲೇ ನಿಂತಿದ್ದರೆ ಹಣ ತಪ್ಪು ಜಾಗಕ್ಕೆ ಹೋಗಿದೆ. ಆಮೇಲೆ ಉಳಿದ ಕಂತುಗಳ ಸಂಖ್ಯೆ ನೋಡಿ, ಅದು ನೀವು ಕೇಳಿದ ದಾರಿಯದೇ ಹೌದೇ ಅಂತ. 2023ರ ಆಗಸ್ಟ್‌ನ ರಿಸರ್ವ್ ಬ್ಯಾಂಕ್ ಸೂಚನೆಯ ಪ್ರಕಾರ, ಬದಲಾಗುವ ದರದ ಸಾಲಗಾರರಿಗೆ ಮೂರು ತಿಂಗಳಿಗೊಮ್ಮೆ ಕೊಡುವ ವಿವರದಲ್ಲಿ ಕಂತಿನ ಮೊತ್ತ, ಉಳಿದ ಕಂತುಗಳು, ಬಡ್ಡಿದರ, ಅಲ್ಲಿಯವರೆಗೆ ವಸೂಲಾದ ಅಸಲು ಮತ್ತು ಬಡ್ಡಿ ಇರಬೇಕು. ಬಡ್ಡಿದರ ಏರಿದಾಗ ಕಂತು ಹೆಚ್ಚಿಸಬೇಕೋ ಅವಧಿ ಹೆಚ್ಚಿಸಬೇಕೋ ಅನ್ನುವ ಆಯ್ಕೆಯನ್ನೂ ಸಾಲಗಾರರಿಗೆ ಕೊಡಬೇಕು. ಕಷ್ಟಪಟ್ಟು ಇಳಿಸಿದ 65 ತಿಂಗಳುಗಳು ಸದ್ದಿಲ್ಲದೆ ಮತ್ತೆ ಬೆಳೆಯುವುದು ಇಂಥ ಹೊತ್ತಿನಲ್ಲೇ. ಆ ಕಾಗದ ಬಂದಾಗ ಅಪ್ಪನ ಜೊತೆ ಕೂತು ಆ ಒಂದು ಸಾಲನ್ನಾದರೂ ಓದಿ.