ಮುಂಗಡ ಸಂಬಳ: ಮಂಜೂರಾತಿ ಟಿಪ್ಪಣಿಯಲ್ಲಿ ಏನಿರಬೇಕು?

ತಿಂಗಳಿಗೆ 28,000 ರೂಪಾಯಿ ಸಂಬಳದ ನೌಕರರೊಬ್ಬರ ಮಗುವಿಗೆ ತುರ್ತು ಶಸ್ತ್ರಚಿಕಿತ್ಸೆ ಆಗಬೇಕಿದೆ ಎಂದುಕೊಳ್ಳಿ. ಆಸ್ಪತ್ರೆ 40,000 ಠೇವಣಿ ಕೇಳಿದೆ. ಅಂದಾಜು ಪಟ್ಟಿ ಲಗತ್ತಿಸಿ ಅವರು ಮುಂಗಡಕ್ಕೆ ಅರ್ಜಿ ಕೊಡುತ್ತಾರೆ. ಕೊಡುವುದು ಸುಲಭ, ಹಿಡಿದುಕೊಳ್ಳುವ ಲೆಕ್ಕದಲ್ಲೇ ಎಡವಟ್ಟಾಗುವುದು.

ಅವರ ಸಂಬಳದಲ್ಲಿ ಈಗಾಗಲೇ ಪಿಎಫ್ 1,800, ವೃತ್ತಿ ತೆರಿಗೆ 200, ಸೊಸೈಟಿ ಸಾಲದ ಕಂತು 4,000, ಒಟ್ಟು 6,000 ಕಡಿತವಾಗುತ್ತಿದೆ. ನಾಲ್ಕೇ ಕಂತಿನಲ್ಲಿ ಮುಗಿಸೋಣವೆಂದು ತಿಂಗಳಿಗೆ 10,000 ಹಿಡಿದರೆ ಕಡಿತ 16,000 ಆಗುತ್ತದೆ. 2019ರ ವೇತನ ಸಂಹಿತೆಯ ಪ್ರಕಾರ ಒಟ್ಟು ಕಡಿತ ವೇತನದ ಅರ್ಧವನ್ನು ದಾಟುವಂತಿಲ್ಲ. ಇಲ್ಲಿ ಆ ಮಿತಿ 14,000. ಎಂಟು ಕಂತು ಮಾಡಿದರೆ ತಿಂಗಳಿಗೆ 5,000, ಒಟ್ಟು ಕಡಿತ 11,000. ಮನೆ ನಡೆಸಲು 17,000 ಕೈಗೆ ಬರುತ್ತದೆ. ನನಗಂತೂ ಇದೇ ನ್ಯಾಯವಾದ ದಾರಿ.

ಮಂಜೂರಾತಿ ಟಿಪ್ಪಣಿಯಲ್ಲಿ ‘ಸೂಕ್ತ ಕಂತುಗಳಲ್ಲಿ ವಸೂಲು ಮಾಡತಕ್ಕದ್ದು’ ಎಂದಷ್ಟೇ ಬರೆದರೆ ಜಗಳಕ್ಕೆ ಆಹ್ವಾನ ಕೊಟ್ಟಂತೆ. ಮೊತ್ತ, ಕಾರಣ, ಕಂತಿನ ಸಂಖ್ಯೆ, ಮೊದಲ ಮತ್ತು ಕೊನೆಯ ಕಂತಿನ ತಿಂಗಳು ಸ್ಪಷ್ಟವಾಗಿರಲಿ. ಸಂಬಳವಿಲ್ಲದ ರಜೆ ಬಿದ್ದ ತಿಂಗಳಲ್ಲಿ ಕಂತು ಮುಂದಕ್ಕೆ ಹೋಗುತ್ತದೆಯೇ, ನಡುವೆ ಕೆಲಸ ಬಿಟ್ಟರೆ ಬಾಕಿ ಅಂತಿಮ ಲೆಕ್ಕದಲ್ಲಿ ಹೊಂದಾಣಿಕೆಯಾಗುತ್ತದೆಯೇ ಎಂಬುದನ್ನೂ ಬರೆದು, ನೌಕರರ ಸಹಿ ಪಡೆಯಬೇಕು.

ಮುಂಗಡ ಪಡೆಯುವವರು ಆ ಟಿಪ್ಪಣಿಯ ಪ್ರತಿಯನ್ನು ಕೇಳಿ ಇಟ್ಟುಕೊಳ್ಳಿ, ಪ್ರತಿ ತಿಂಗಳ ಸಂಬಳ ಚೀಟಿಯಲ್ಲಿ ಬಾಕಿ ಇಳಿದಿದೆಯೇ ನೋಡಿಕೊಳ್ಳಿ.