ಎರಡನೇ ಕಂತು ಯಾಕೆ ತಡವಾಗುತ್ತದೆ

ರಾಯಚೂರು ಕಡೆಯ ಒಂದು ಸಣ್ಣ ಸ್ವಯಂಸೇವಾ ಸಂಸ್ಥೆ ಕಂಪನಿಯೊಂದರ ಸಿಎಸ್‌ಆರ್ ಹಣದಲ್ಲಿ ಸರ್ಕಾರಿ ಶಾಲೆಗಳಿಗೆ ಕುಡಿಯುವ ನೀರಿನ ವ್ಯವಸ್ಥೆ ಮಾಡುತ್ತಿದೆ ಎಂದು ಇಟ್ಟುಕೊಳ್ಳೋಣ. ಮಂಜೂರಾದದ್ದು 24 ಲಕ್ಷ ರೂಪಾಯಿ. 10, 8 ಮತ್ತು 6 ಲಕ್ಷದ ಮೂರು ಕಂತುಗಳಲ್ಲಿ ಅದು ಬರಬೇಕು. ಮೊದಲ ಕಂತು ಏಪ್ರಿಲ್‌ನಲ್ಲೇ ಬಂತು. ಬಂದ ಹಣದಲ್ಲಿ ಕನಿಷ್ಠ ಶೇ 75ರಷ್ಟು ಖರ್ಚಾಗಿ, ಅದರ ಬಳಕೆ ಪ್ರಮಾಣಪತ್ರ ಸಲ್ಲಿಕೆಯಾದ ಮೇಲೆ ಎರಡನೇ ಕಂತು ಎಂದು ಒಪ್ಪಂದದಲ್ಲಿ ಬರೆದಿದೆ. ಸಂಸ್ಥೆ ಅಕ್ಟೋಬರ್‌ನಲ್ಲಿ ಪ್ರಮಾಣಪತ್ರ ಕಳಿಸಿತು. ಡಿಸೆಂಬರ್ ಬಂದರೂ ಹಣದ ಸುಳಿವಿಲ್ಲ. ಕೆಲಸಗಾರರ ಸಂಬಳ ನಿಂತಿದೆ, ಪೈಪು ಕೊಟ್ಟ ಅಂಗಡಿಯವರು ದಿನವೂ ಫೋನ್ ಮಾಡುತ್ತಿದ್ದಾರೆ.

ಇಂಥ ಸ್ಥಿತಿಗೆ ಬಂದ ಸಂಸ್ಥೆಗಳು ಕಡಿಮೆಯೇನಲ್ಲ. ಕಾರಣ ಹಲವು ಸಲ ಬಹಳ ಸರಳ: ಯುಸಿ ಕೊಟ್ಟಾಯಿತು, ಇನ್ನು ಹಣ ತಾನಾಗಿ ಬರುತ್ತದೆ ಎಂದು ಕಾಯುತ್ತಾ ಕೂರುವುದು. ಯುಸಿ ತಲುಪುವುದು ಸಾಮಾನ್ಯವಾಗಿ ಯೋಜನೆ ನೋಡಿಕೊಳ್ಳುವ ಅಧಿಕಾರಿಯ ಮೇಜಿಗೆ. ಹಣ ಹೊರಡುವುದು ಹಣಕಾಸು ವಿಭಾಗದಿಂದ. ಈ ಎರಡು ಮೇಜುಗಳನ್ನು ಸೇರಿಸುವ ಕಾಗದ ಒಂದೇ, ಕಂತು ಬಿಡುಗಡೆ ಕೋರುವ ಪತ್ರ.

ಹಣಕಾಸು ವಿಭಾಗ ಅಷ್ಟು ಬಿಗಿಯಾಗಿರುವುದಕ್ಕೆ ಕಾನೂನಿನ ಕಾರಣವಿದೆ. 2013ರ ಕಂಪನಿ ಕಾಯ್ದೆಯ 135ನೇ ಕಲಂನ ವ್ಯಾಪ್ತಿಗೆ ಬರುವ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. 2021ರ ಜನವರಿಯಲ್ಲಿ ನಿಯಮಗಳು ತಿದ್ದುಪಡಿಯಾದ ಮೇಲೆ, ಕೊಟ್ಟ ಹಣ ಮಂಡಳಿ ಒಪ್ಪಿದ ಉದ್ದೇಶಕ್ಕೇ, ಒಪ್ಪಿದ ರೀತಿಯಲ್ಲೇ ಬಳಕೆಯಾಗಿದೆ ಎಂದು ಕಂಪನಿಯ ಮುಖ್ಯ ಹಣಕಾಸು ಅಧಿಕಾರಿ ಪ್ರಮಾಣೀಕರಿಸಬೇಕು. ಸಂಸ್ಥೆಯ ಖಾತೆಗೆ ಹಣ ಹಾಕಿದ ಮಾತ್ರಕ್ಕೆ ಅದು ಖರ್ಚಾದಂತೆ ಅಲ್ಲ, ಸಂಸ್ಥೆ ಅದನ್ನು ಬಳಸಿರಬೇಕು ಎಂದು ಕೇಂದ್ರ ಸರ್ಕಾರ ಅದೇ ವರ್ಷದ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿತು. ಆ ಅಧಿಕಾರಿ ಸಹಿ ಹಾಕುವುದು ನಮ್ಮ ಯುಸಿಯನ್ನು ನಂಬಿ. ಹಾಗಾಗಿ ನಮ್ಮ ಪತ್ರದಲ್ಲಿ ಅವರು ಹುಡುಕುವುದು ಮಕ್ಕಳ ಬಾಯಾರಿಕೆಯ ವರ್ಣನೆಯನ್ನಲ್ಲ. ಅದನ್ನು ಯೋಜನೆ ಒಪ್ಪಿಸುವಾಗಲೇ ಹೇಳಿ ಆಗಿದೆ. ಅವರಿಗೆ ಬೇಕಾದದ್ದು ಒಪ್ಪಂದದ ಯಾವ ಷರತ್ತು, ಯಾವ ದಾಖಲೆಯಿಂದ, ಯಾವ ದಿನ ಪೂರೈಸಿತು ಎಂಬ ಮಾತು.

ಪತ್ರದ ಹೂರಣವನ್ನು ನಾಲ್ಕೇ ಸಾಲಿನಲ್ಲಿ ಹೀಗೆ ಬರೆಯಬಹುದು: “ಒಪ್ಪಂದದ ಇಂಥ ಕಲಂ ಪ್ರಕಾರ ಎರಡನೇ ಕಂತು 8,00,000 ರೂಪಾಯಿ ಬಿಡುಗಡೆ ಮಾಡಲು ಕೋರುತ್ತೇವೆ. ಏಪ್ರಿಲ್ 1ರಿಂದ ಸೆಪ್ಟೆಂಬರ್ 30ರವರೆಗಿನ ಬಳಕೆ ಪ್ರಮಾಣಪತ್ರವನ್ನು ಅಕ್ಟೋಬರ್ 14ರಂದು ಸಲ್ಲಿಸಿದ್ದೇವೆ. ತಾವು ಸ್ವೀಕರಿಸಿದ ಇಮೇಲಿನ ಪ್ರತಿ ಲಗತ್ತಿಸಿದೆ. ಅದರಂತೆ ಮೊದಲ ಕಂತಿನಲ್ಲಿ 7,90,000 ರೂಪಾಯಿ, ಅಂದರೆ ಶೇ 79 ಬಳಕೆಯಾಗಿದೆ. ಉಳಿಕೆ ಮತ್ತು ಮುಂದಿನ ಆರು ತಿಂಗಳ ಅಗತ್ಯದ ಲೆಕ್ಕ ಕೆಳಗಿದೆ.” ಯುಸಿಯನ್ನು ಮತ್ತೊಮ್ಮೆ ಲಗತ್ತಿಸುವುದು ಒಳ್ಳೆಯದು, ಆದರೆ ಹಿಂದೆ ಕೊಟ್ಟ ಅದೇ ಪ್ರತಿಯನ್ನು. ಒಂದು ಅಂಕಿ ತಿದ್ದಿ ಹೊಸ ಪ್ರತಿ ಇಟ್ಟರೆ ಕಂಪನಿಯ ಕಡತದಲ್ಲಿ ಎರಡು ಲೆಕ್ಕಗಳಾಗುತ್ತವೆ, ಪರಿಶೀಲನೆ ಮೊದಲಿನಿಂದ ಶುರುವಾಗುತ್ತದೆ.

ಇನ್ನು ಆ 8 ಲಕ್ಷದ ಲೆಕ್ಕ. ಒಪ್ಪಂದದಲ್ಲಿ ಇದೆ ಎಂದಷ್ಟೇ ಬರೆದರೆ ಸಾಲದು. ಕೈಯಲ್ಲಿ ಹಣ ಇಟ್ಟುಕೊಂಡು ಇನ್ನಷ್ಟು ಕೇಳುತ್ತಿದ್ದಾರೆಯೇ ಎಂಬ ಪ್ರಶ್ನೆ ಓದುವವರಿಗೆ ಬಂದೇ ಬರುತ್ತದೆ. ಮೊದಲ ಕಂತು 10,00,000, ಉಳಿತಾಯ ಖಾತೆಯಲ್ಲಿ ಅದಕ್ಕೆ ಬಂದ ಬಡ್ಡಿ 14,000, ಖರ್ಚು 7,90,000, ಉಳಿಕೆ 2,24,000. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಒಪ್ಪಿತ ಬಜೆಟ್ಟಿನಂತೆ ಬೇಕಾದದ್ದು 10,24,000. ಉಳಿಕೆ ಕಳೆದರೆ ಸರಿಯಾಗಿ 8 ಲಕ್ಷ. ಬಡ್ಡಿಯನ್ನು ಯೋಜನೆಗೇ ಬಳಸಬಹುದು ಎಂದು ನಮ್ಮ ಉದಾಹರಣೆಯ ಒಪ್ಪಂದ ಹೇಳುತ್ತದೆ ಎಂದುಕೊಂಡಿದ್ದೇನೆ. ಕೇಂದ್ರ ಸರ್ಕಾರದ ಅನುದಾನದಲ್ಲಿ ಹಾಗಲ್ಲ. ಅಲ್ಲಿ 2017ರ ಸಾಮಾನ್ಯ ಹಣಕಾಸು ನಿಯಮಗಳಂತೆ ಬಡ್ಡಿಯನ್ನು ಸರ್ಕಾರಕ್ಕೆ ಹಿಂದಿರುಗಿಸಬೇಕು, ಯುಸಿಯನ್ನೂ ನಿಗದಿತ 12-ಎ ನಮೂನೆಯಲ್ಲೇ ಕೊಡಬೇಕು.

ಈ ಲೆಕ್ಕ ಎಡವುವ ಜಾಗ ಒಂದಿದೆ. ನಮ್ಮ ಸಂಸ್ಥೆ ಸೆಪ್ಟೆಂಬರ್ ಕೊನೆಯಲ್ಲಿ 1,60,000 ರೂಪಾಯಿಯ ನೀರಿನ ಫಿಲ್ಟರ್‌ಗಳಿಗೆ ಆರ್ಡರ್ ಕೊಟ್ಟಿದೆ. ಮಾಲು ಬಂದಿಲ್ಲ, ಹಣ ಕೊಟ್ಟಿಲ್ಲ. ಶೇಕಡಾವಾರು ಚೆನ್ನಾಗಿ ಕಾಣಲಿ ಎಂದು ಅದನ್ನೂ ಖರ್ಚಿಗೆ ಸೇರಿಸಿದರೆ ಬಳಕೆ ಶೇ 95ಕ್ಕೆ ಏರುತ್ತದೆ. ಆದರೆ ಕಾಗದದ ಮೇಲಿನ ಉಳಿಕೆ 64,000 ಎಂದಾಗುತ್ತದೆ, ಬ್ಯಾಂಕಿನಲ್ಲಿ ಎರಡು ಲಕ್ಷಕ್ಕೂ ಮಿಕ್ಕಿ ಹಣ ಕಾಣುತ್ತದೆ. ಬ್ಯಾಂಕ್ ಸ್ಟೇಟ್‌ಮೆಂಟ್ ಪಕ್ಕದಲ್ಲಿಟ್ಟು ನೋಡುವವರಿಗೆ ಇದು ಒಂದೇ ನೋಟಕ್ಕೆ ಸಿಗುತ್ತದೆ, ಅಲ್ಲಿಂದ ಮುಂದೆ ಉಳಿದ ಎಲ್ಲ ಅಂಕಿಗಳ ಮೇಲೂ ಅನುಮಾನ. ಕೊಡಬೇಕಾದ ಹಣವನ್ನು ಖರ್ಚಿನ ಹೊರಗೆ, “ಆರ್ಡರ್ ಕೊಟ್ಟಿದೆ, ಪಾವತಿ ಬಾಕಿ” ಎಂದು ಬೇರೆ ಸಾಲಿನಲ್ಲಿ ತೋರಿಸಬೇಕು. ಅದು ಸಂಸ್ಥೆಗೇ ಅನುಕೂಲ; ಉಳಿಕೆಯಲ್ಲಿ ಬಹುಪಾಲು ಈಗಾಗಲೇ ಮೀಸಲಾಗಿದೆ ಎಂಬುದು ಓದುವವರಿಗೆ ತಿಳಿಯುತ್ತದೆ.

ಪ್ರಾಮಾಣಿಕ ಲೆಕ್ಕವೂ ಬ್ಯಾಂಕಿಗೆ ತಾಳೆಯಾಗದೆ ಇರಬಹುದು. ಸೆಪ್ಟೆಂಬರ್ 30ಕ್ಕೆ ಪಾಸ್‌ಬುಕ್ಕಿನಲ್ಲಿ 2,49,000 ಇದೆ ಎನ್ನಿ. ವ್ಯತ್ಯಾಸ 25,000. ಅದು ಗಾರೆ ಕೆಲಸದವರಿಗೆ ಬರೆದುಕೊಟ್ಟ ಚೆಕ್, ಅಕ್ಟೋಬರ್ 3ರಂದು ನಗದಾಯಿತು. ಈ ಒಂದು ಸಾಲು ಪತ್ರದಲ್ಲೇ ಇದ್ದರೆ ಒಂದು ಸುತ್ತು ಪ್ರಶ್ನೋತ್ತರ ಉಳಿಯುತ್ತದೆ.

ಬಾಬ್ತುವಾರು ಲೆಕ್ಕವನ್ನೂ ಮರೆಯಬಾರದು. ಪೈಪ್ ಕೆಲಸಕ್ಕೆ 3,00,000 ಇಟ್ಟಿದ್ದಲ್ಲಿ 3,50,000 ಆಗಿದ್ದರೆ ಶೇ 16ಕ್ಕೂ ಹೆಚ್ಚು ಮೀರಿದಂತೆ. ಒಂದು ಬಾಬ್ತಿನಿಂದ ಇನ್ನೊಂದಕ್ಕೆ ಶೇ 10ರವರೆಗೆ ಹೊಂದಿಸಿಕೊಳ್ಳಲು ಅವಕಾಶ ಕೊಟ್ಟು, ಅದಕ್ಕಿಂತ ಹೆಚ್ಚಾದರೆ ಮುಂಚಿತ ಒಪ್ಪಿಗೆ ಕೇಳುವ ಒಪ್ಪಂದಗಳು ಸಾಮಾನ್ಯ. ಫೋನಿನಲ್ಲಿ “ಮಾಡಿ, ಪರವಾಗಿಲ್ಲ” ಎಂದಿದ್ದು ಹಣಕಾಸು ವಿಭಾಗದ ಕಡತಕ್ಕೆ ಬರುವುದಿಲ್ಲ. ಆ ಫೋನ್ ಮುಗಿದ ದಿನವೇ ಇಮೇಲ್ ಮಾಡಿ ಒಪ್ಪಿಗೆ ತರಿಸಿಕೊಂಡು, ಅದರ ದಿನಾಂಕವನ್ನು ಪತ್ರದಲ್ಲಿ ಹೇಳಬೇಕು.

ಯುಸಿಯ ಮೇಲೆ ಸಿಎ ಸಹಿಯ ಜೊತೆ ಯುಡಿಐಎನ್ ಎಂಬ 18 ಅಂಕೆಗಳ ಗುರುತು ಸಂಖ್ಯೆ ಇದೆಯೇ ಎಂದು ಕಳಿಸುವ ಮೊದಲೇ ನೋಡಿಕೊಳ್ಳಿ. 2019ರ ಫೆಬ್ರುವರಿಯಿಂದ ಸಿಎಗಳು ಕೊಡುವ ಪ್ರಮಾಣಪತ್ರಗಳಿಗೆ ಅದು ಕಡ್ಡಾಯ, ಅದು ಅಸಲಿಯೇ ಎಂದು ಕಂಪನಿಯವರು ಆನ್‌ಲೈನ್‌ನಲ್ಲೇ ಪರೀಕ್ಷಿಸಬಹುದು.

ಪತ್ರ ಯಾವಾಗ ಕಳಿಸಬೇಕು? ಯುಸಿ ಸ್ವೀಕರಿಸಿದ್ದೇವೆ ಎಂಬ ಉತ್ತರ ಬಂದ ವಾರದಲ್ಲೇ. ಉತ್ತರ ಬಾರದಿದ್ದರೆ ಮೊದಲು ಅದನ್ನು ಕೇಳಿ, ಆಕ್ಷೇಪವಿದ್ದರೆ ಯಾವ ಅಂಕಿಯ ಮೇಲೆ ಎಂದು ಬರಹದಲ್ಲೇ ಕೇಳಿ. ಮಾರ್ಚ್‌ವರೆಗೆ ಎಳೆದರೆ ಕಂಪನಿಗೂ ಕಷ್ಟ. ಹಲವು ವರ್ಷ ನಡೆಯುವ ಯೋಜನೆಯ ಹಣ ಮಾರ್ಚ್ 31ಕ್ಕೆ ಖರ್ಚಾಗದೆ ಉಳಿದರೆ, ಅದನ್ನು ಏಪ್ರಿಲ್ 30ರೊಳಗೆ ಪ್ರತ್ಯೇಕ ಬ್ಯಾಂಕ್ ಖಾತೆಗೆ ವರ್ಗಾಯಿಸಬೇಕು. ಅಲ್ಲಿಂದ ಹಣ ಹೊರಡಲು ಹೊಸ ಅನುಮತಿಗಳ ಸುತ್ತು ಬೇಕಾಗಬಹುದು.

ಆ ನಡುವೆ ಇನ್ನೊಬ್ಬ ದಾನಿಯ ಹಣದಿಂದ ಸಂಬಳ ಕೊಟ್ಟು ಆಮೇಲೆ ಸರಿಹೊಂದಿಸೋಣ ಎನಿಸುವುದು ಸಹಜ. ನನ್ನ ಮಾತು ಕೇಳುವುದಾದರೆ ಅದನ್ನು ಮಾಡಬೇಡಿ. ಆ ಇನ್ನೊಬ್ಬ ದಾನಿಯ ಯುಸಿಯಲ್ಲಿ ಶಾಲೆ ನೀರಿನ ಕೆಲಸದವರ ಸಂಬಳ ಕಾಣಿಸಿಕೊಂಡರೆ ಅಲ್ಲಿನ ಕಂತೂ ನಿಲ್ಲುತ್ತದೆ. ಸಂಸ್ಥೆಯ ಸ್ವಂತ ನಿಧಿಯಿಂದ ಕೊಡಿ, ಸಾಲವೆಂದೇ ಪುಸ್ತಕದಲ್ಲಿ ಬರೆಯಿರಿ. ಎರಡನೇ ಕಂತು ಬಂದ ದಿನ ಅದನ್ನು ಹಿಂದಿರುಗಿಸಿಕೊಳ್ಳಲು ಕಂಪನಿಯ ಒಪ್ಪಿಗೆಯನ್ನು ಈ ಪತ್ರದಲ್ಲೇ ಕೇಳಿ.